ಡೊಂಬಿವಲಿಯಲ್ಲಿ ಡಿಕಾಕ್ಷನ್: ಚಿಕೋರಿ ಇಲ್ಲದಿದ್ದಾಗ ಏನ್ ಮಾಡೋದು?

ಥಾಣೆ, ಕಲ್ಯಾಣ, ಐರೋಲಿ ಕಡೆ ಇರೋ ನಮ್ಮವರು ಊರಿಗೆ ಹೋದಾಗಲೆಲ್ಲ ಒಂದು ಕೆ.ಜಿ. ಕಾಫಿಪುಡಿ ಹೊತ್ತು ತರ್ತಾರೆ. ಆದರೆ ಪುಡಿ ಮಾಡಿದ ಕಾಫಿ ಕೆಲವೇ ವಾರಗಳಲ್ಲಿ ಘಮ ಕಳ್ಕೊಳ್ಳುತ್ತೆ. ಅದಕ್ಕೇ ನಾನು ಇಲ್ಲೇ ಅಂಗಡಿಯಲ್ಲಿ ಸಿಗೋ ಹುರಿದ ಚಿಕ್ಕಮಗಳೂರು ಬೀಜ ತಗೊಳ್ತೀನಿ. ತೊಂದರೆ ಏನಂದ್ರೆ, ಅದರಲ್ಲಿ ಚಿಕೋರಿ ಇರಲ್ಲ.

ಚಿಕೋರಿ ಬರೀ ಬಣ್ಣಕ್ಕೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಅದು ನೀರು ಹೀರಿ ಉಬ್ಬಿ, ಫಿಲ್ಟರಿನಲ್ಲಿ ನೀರನ್ನ ತಡೆದು ನಿಲ್ಲಿಸುತ್ತೆ. ಚಿಕೋರಿ ಇಲ್ಲದ ಪುಡಿಯನ್ನ ನಮ್ಮ ಸ್ಟೀಲ್ ಫಿಲ್ಟರಿಗೆ ಹಾಕಿದ್ರೆ ಐದೇ ನಿಮಿಷದಲ್ಲಿ ನೀರು ಸರ್ರನೆ ಇಳಿದುಬಿಡುತ್ತೆ. ಕೆಳಗೆ ಸಿಗೋದು ಚಹಾದ ಬಣ್ಣದ ತೆಳು ನೀರು. ಇನ್ನೂ ನುಣ್ಣಗೆ ಬೀಸಿದ್ರೆ ತೂತು ಕಟ್ಟಿಕೊಂಡು ಒಂದು ಹನಿಯೂ ಬೀಳಲ್ಲ.

ಹಾಗಾಗಿ ನೀರನ್ನ ತಡೆಯೋ ಕೆಲಸ ಪುಡಿಗೆ ಬಿಡಬೇಡಿ, ನೀವೇ ಮಾಡಿ. ನಮ್ಮ ಅಜ್ಜಿಯರು ಬಟ್ಟೆಯಲ್ಲಿ ಸೋಸ್ತಿದ್ರಲ್ಲ, ಅದೇ ದಾರಿ.

ಎರಡು ಲೋಟಕ್ಕೆ ಲೆಕ್ಕ ಹೇಳ್ತೀನಿ. 20 ಗ್ರಾಂ ಬೀಜವನ್ನ ಮಿಕ್ಸಿಯ ಚಿಕ್ಕ ಜಾರಲ್ಲಿ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ತಿರುಗಿಸಿದ್ರೆ ಜಾರ್ ಬಿಸಿಯಾಗಿ ಘಮ ಹಾರಿಹೋಗುತ್ತೆ. ಸಣ್ಣ ರವೆಯಷ್ಟು ಆದ್ರೆ ಸಾಕು. 120 ಮಿ.ಲೀ. ನೀರು ಕುದಿಸಿ, ಒಲೆ ಆರಿಸಿ, ಅರ್ಧ ನಿಮಿಷ ಬಿಟ್ಟು ಪುಡಿ ಹಾಕಿ. ಒಂದು ಸಲ ಕಲಕಿ, ಮುಚ್ಚಳ ಮುಚ್ಚಿ, ಆರು ನಿಮಿಷ ಮುಟ್ಟಬೇಡಿ. ಆಮೇಲೆ ಒದ್ದೆ ಮಾಡಿದ ಹತ್ತಿ ಬಟ್ಟೆಯಲ್ಲಿ ಸೋಸಿ, ಮೆಲ್ಲಗೆ ಹಿಂಡಿ. ಜೋರಾಗಿ ಹಿಂಡಿದ್ರೆ ಗಸಿಯೂ ಕಹಿಯೂ ಇಳಿಯುತ್ತೆ. ಪುಡಿ ಸುಮಾರು 40 ಮಿ.ಲೀ. ನೀರು ಹಿಡ್ಕೊಳ್ಳುತ್ತೆ, ಹಾಗಾಗಿ ನಿಮಗೆ ಸಿಗೋದು 80 ಮಿ.ಲೀ. ಡಿಕಾಕ್ಷನ್.

ರುಚಿ ಹುಳಿ ಅನಿಸಿದ್ರೆ ಬೀಜ ತೆಳುವಾಗಿ ಹುರಿದದ್ದು ಅಂತ ಅರ್ಥ. ಮುಂದಿನ ಸಲ ಎಂಟು ನಿಮಿಷ ಬಿಡಿ. ಅದಕ್ಕೂ ಬಗ್ಗದಿದ್ರೆ 'ಡಾರ್ಕ್ ರೋಸ್ಟ್' ಅಂತ ಬರೆದಿರೋ ಪೊಟ್ಟಣ ತಗೊಳ್ಳಿ.

ಇನ್ನು ಹಾಲು. ಈ ಕಡೆ ತಬೇಲಾದಿಂದ ಬರೋದು ಹೆಚ್ಚಾಗಿ ಎಮ್ಮೆ ಹಾಲು. ಅದರ ಕೊಬ್ಬು ಡಿಕಾಕ್ಷನ್ನಿನ ಖಡಕ್ಕನ್ನ ಮುಚ್ಚಿಬಿಡುತ್ತೆ. ಒಂದು ಲೋಟಕ್ಕೆ 40 ಮಿ.ಲೀ. ಡಿಕಾಕ್ಷನ್ನಿಗೆ ಹಸುವಿನ ಹಾಲಾದ್ರೆ 100 ಮಿ.ಲೀ., ಎಮ್ಮೆ ಹಾಲಾದ್ರೆ 80 ಮಿ.ಲೀ. ಸಾಕು. ಹಾಲು ಆಗಷ್ಟೇ ಉಕ್ಕಿರಬೇಕು. ಬೆರೆಸಿದ ಮೇಲೆ ಮತ್ತೆ ಕುದಿಸಬೇಡಿ.

ಒಂದು ಮಾತು ಮಾತ್ರ ಹೇಳಲೇಬೇಕು. ಚಿಕೋರಿ ಕೊಡೋ ಆ ಸಿಹಿಗಹಿ, ಆ ದಪ್ಪ, ಈ ವಿಧಾನದಲ್ಲಿ ಪೂರ್ತಿ ಬರಲ್ಲ. ಅದೇ ಬೇಕು ಅನ್ನೋರು ಸೆಂಟ್ರಲ್ ಲೈನಿನ ಸ್ಲೋ ಲೋಕಲ್ ಹಿಡಿದು ಮಾಟುಂಗಕ್ಕೆ ಹೋಗಿ, ಬೆರೆಸಿದ ಪುಡಿ 200 ಗ್ರಾಂ ಮಾತ್ರ ತನ್ನಿ. ಆಗ ನಿಮ್ಮ ಫಿಲ್ಟರ್ ತನ್ನ ಕೆಲಸ ತಾನೇ ಮಾಡುತ್ತೆ.