ಮೂಗಿನ ಪಕ್ಕದ ಕರಿಗೆರೆ
(ವಾರ್ಷಿಕ ಕೂಟದಲ್ಲಿ ಆಡಿದ ಮಾತು)

ನಾನು ಐಟಿಐ ಮುಗಿಸಿದ ಎಲೆಕ್ಟ್ರಿಷಿಯನ್. ಭಾಷಣ ಮಾಡಿ ಅಭ್ಯಾಸ ಇಲ್ಲ. ಗೊತ್ತಿರೋ ಒಂದೇ ವಿಷಯ ಹೇಳಿ ಕೂತ್ಕೋತೀನಿ.

ಶಾರ್ಜಾ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನ ರೂಮಿನಿಂದ ಕಂಪನಿ ಬಸ್ ನಿಲ್ಲುವ ಜಾಗಕ್ಕೆ ಇಪ್ಪತ್ತು ನಿಮಿಷದ ನಡಿಗೆ. ಪಕ್ಕದಲ್ಲೇ ಟ್ರಕ್ಕುಗಳು, ಅಂಚಿನಲ್ಲಿ ಮರಳು. ಹೋದ ವರ್ಷ ಬೆಳಿಗ್ಗೆ ಎದ್ದರೆ ಕೆಮ್ಮು, ಉಗುಳಿದರೆ ಕಪ್ಪು. ಮೊದಲು ಬಟ್ಟೆ ಮಾಸ್ಕ್ ಹಾಕಿದೆ, ಉಪಯೋಗ ಆಗಲಿಲ್ಲ. ಆಮೇಲೆ ಅಂಗಡಿಯಲ್ಲಿ ಇದ್ದುದರಲ್ಲೇ ದುಬಾರಿಯದು, ಎಫ್‌ಎಫ್‌ಪಿ3, ತಂದೆ. ವಾರ ಆದ ಮೇಲೆ ಒಂದು ದಿನ ಮಾಸ್ಕ್ ತೆಗೆದು ಕನ್ನಡಿ ನೋಡಿದರೆ ಮೂಗಿನ ಎರಡೂ ಪಕ್ಕ ಕಾಡಿಗೆ ಎಳೆದ ಹಾಗೆ ಕರಿಗೆರೆ! ಅಷ್ಟು ದುಡ್ಡು ಕೊಟ್ಟ ಮಾಸ್ಕಿನ ಒಳಗೆ ಧೂಳು ಹೇಗೆ ಬಂತು?

ಆಗ ಹೊಳೆಯಿತು. ಗಾಳಿಯೂ ಕರೆಂಟಿನ ಹಾಗೇ, ತಡೆ ಕಡಿಮೆ ಇರುವ ದಾರಿಯಲ್ಲೇ ಹೆಚ್ಚು ಹರಿಯುತ್ತದೆ. ದಪ್ಪ ಫಿಲ್ಟರ್ ಒಂದು ತಡೆ. ಮೂಗಿನ ಪಕ್ಕ ಸಂದು ಬಿಟ್ಟರೆ ಗಾಳಿ ಫಿಲ್ಟರನ್ನು ಬಿಟ್ಟು ಆ ಸಂದಿಯಿಂದಲೇ ಒಳಗೆ ಬರುತ್ತದೆ. ನಾನು ಎರಡು ದಿನದ ಗಡ್ಡದ ಮೇಲೆ, ಕೆಳಗಿನ ಪಟ್ಟಿ ಹಾಕದೆ, ಕ್ಲಿಪ್ ಒತ್ತದೆ ಅದನ್ನು ಹಾಕ್ತಿದ್ದೆ.

ಮಾಸ್ಕಿನ ಮೇಲಿನ ಅಂಕಿ ಏನು ಹೇಳುತ್ತೆ ಅಂತ ಮೊದಲು ತಿಳ್ಕೊಳ್ಳಿ. ಯುರೋಪಿನ ಇಎನ್ 149 ಮಾನದಂಡದಲ್ಲಿ ಎಫ್‌ಎಫ್‌ಪಿ1ರ ಫಿಲ್ಟರ್ ಪರೀಕ್ಷೆಯ ಸಣ್ಣ ಕಣಗಳಲ್ಲಿ ನೂರಕ್ಕೆ ಕನಿಷ್ಠ 80ನ್ನು ತಡೆಯಬೇಕು, ಎಫ್‌ಎಫ್‌ಪಿ2 ಆದರೆ 94, ಎಫ್‌ಎಫ್‌ಪಿ3 ಆದರೆ 99. ಅಮೆರಿಕದ ಎನ್95 ಅಂದರೆ 95. ಇದು ಫಿಲ್ಟರಿನ ಲೆಕ್ಕ, ನಿಮ್ಮ ಮುಖದ ಲೆಕ್ಕ ಅಲ್ಲ. ನಮ್ಮ ರಸ್ತೆ ನಡಿಗೆಗೆ ಎಫ್‌ಎಫ್‌ಪಿ2 ಅಥವಾ ಎನ್95 ಸಾಕು. ಎಫ್‌ಎಫ್‌ಪಿ3 ಸಾಮಾನ್ಯವಾಗಿ ಉಸಿರಿಗೆ ಭಾರ. ಆಗಸ್ಟಿನ ಸೆಕೆಯಲ್ಲಿ ಐದು ನಿಮಿಷಕ್ಕೇ ಗಲ್ಲದ ಕೆಳಗೆ ಎಳ್ಕೋತೀವಿ. ಗಲ್ಲದ ಕೆಳಗಿರೋ ಮಾಸ್ಕ್ ಧೂಳು ತಡೆಯಲ್ಲ.

ಸೆಕೆಗೆ ವಾಲ್ವ್ ಇರುವುದು ಒಳ್ಳೆಯದು. ಬಿಟ್ಟ ಉಸಿರಿನ ಬಿಸಿ, ತೇವ ಹೊರಗೆ ಹೋಗುತ್ತೆ. ಆದರೆ ನಿಮಗೆ ನೆಗಡಿ ಇದ್ದರೆ ಬಸ್ಸಿನೊಳಗೆ ಅದು ಬೇಡ, ವಾಲ್ವಿನಿಂದ ಬರುವ ಉಸಿರು ಸೋಸಿಲ್ಲದ್ದು.

ಕೊಳ್ಳುವಾಗ ಕಿವಿಗೆ ಸಿಕ್ಕಿಸುವುದಕ್ಕಿಂತ ತಲೆಯ ಹಿಂದೆ ಹೋಗುವ ಎರಡು ಪಟ್ಟಿ ಇರುವುದನ್ನೇ ಆರಿಸಿ, ಅದೇ ಗಟ್ಟಿಯಾಗಿ ಕೂರುತ್ತೆ. ಹಾಕುವಾಗ ಮೇಲಿನ ಪಟ್ಟಿ ನೆತ್ತಿಯ ಹಿಂಭಾಗಕ್ಕೆ, ಕೆಳಗಿನದು ಕಿವಿಯ ಕೆಳಗೆ ಕತ್ತಿಗೆ. ಎರಡನ್ನೂ ಅಡ್ಡಡ್ಡ ಹಾಯಿಸಬೇಡಿ. ಮೂಗಿನ ಕ್ಲಿಪ್ಪನ್ನು ಎರಡೂ ಕೈ ಬೆರಳಿಂದ ನಡುವಿನಿಂದ ಪಕ್ಕಕ್ಕೆ ಒತ್ತುತ್ತಾ ಹೋಗಿ. ಒಂದೇ ಕೈಯಲ್ಲಿ ಚಿವುಟಿದರೆ ನಡುವೆ ಮಡಿಕೆ ಬಿದ್ದು ಅಲ್ಲೇ ಸಂದು ಆಗುತ್ತೆ.

ಆಮೇಲೆ ಪರೀಕ್ಷೆ. ವಾಲ್ವ್ ಇಲ್ಲದ್ದಾದರೆ ಎರಡೂ ಅಂಗೈಯಿಂದ ಮಾಸ್ಕ್ ಮುಚ್ಚಿ ಜೋರಾಗಿ ಉಸಿರು ಬಿಡಿ. ವಾಲ್ವ್ ಇದ್ದರೆ ಮುಚ್ಚಿ ಜೋರಾಗಿ ಎಳೆಯಿರಿ, ಮಾಸ್ಕ್ ಮುಖಕ್ಕೆ ಅಂಟಿದ ಹಾಗೆ ಒಳಗೆ ಎಳೆಯಬೇಕು. ಕಣ್ಣಿಗೋ ಕೆನ್ನೆಗೋ ಗಾಳಿ ತಾಗಿದರೆ ಅಲ್ಲಿ ಸೋರ್ತಿದೆ ಅಂತ ಅರ್ಥ. ಕ್ಲಿಪ್, ಪಟ್ಟಿ ಸರಿ ಮಾಡಿದರೂ ನಿಲ್ಲದಿದ್ದರೆ ಆ ಆಕಾರ ನಿಮ್ಮ ಮುಖದ್ದಲ್ಲ, ಬೇರೆ ಮಾದರಿ ನೋಡಿ. ಮೀಸೆ ಒಳಗೇ ಉಳಿದರೆ ತೊಂದರೆ ಇಲ್ಲ. ಅಂಚು ಕೂರುವ ಜಾಗದಲ್ಲಿ ಚುಚ್ಚುವ ಗಡ್ಡ ಇದ್ದರೂ ಸೋರುತ್ತೆ. ಗಡ್ಡ ಬಿಟ್ಟವರು ಮಾಸ್ಕ್ ನಂಬದೆ ಟ್ರಕ್ ರಸ್ತೆ ಬಿಟ್ಟು ಒಳದಾರಿ ಹಿಡಿಯೋದು ವಾಸಿ.

ನಮ್ಮಲ್ಲಿ ಬಹಳ ಜನ ಮಾಸ್ಕನ್ನು ಸೋಪಿನಲ್ಲಿ ತೊಳೆದು ಒಣಗಿಸ್ತಾರೆ. ನಾನೂ ಮಾಡಿದ್ದೆ. ಆ ನಾರುಗಳಲ್ಲಿ ಸ್ಥಿರ ವಿದ್ಯುತ್ತಿನ ಚಾರ್ಜ್ ಇರುತ್ತೆ, ಸಣ್ಣ ಕಣ ಹಿಡಿಯುವುದರಲ್ಲಿ ಅದರ ಪಾಲು ದೊಡ್ಡದು. ತೊಳೆದರೆ ಚಾರ್ಜ್ ಹಾಳಾಗುತ್ತೆ. ನೋಡೋಕೆ ಹೊಸದು, ಕೆಲಸ ಅರ್ಧಂಬರ್ಧ. ಮಾಸ್ಕ್ ಮೇಲೆ ಎನ್‌ಆರ್ ಅಂತ ಇದ್ದರೆ ಅದು ಒಂದು ಪಾಳಿಗೆ ಮಾತ್ರ. ಬೆವರಿಗೆ ನೆನೆದರೆ, ಪಟ್ಟಿ ಸಡಿಲ ಆದರೆ, ಉಸಿರೆಳೆಯೋದು ಭಾರ ಆದರೆ ಬಿಸಾಡಿ.

ಒಂದು ಮಿತಿ ಇದೆ. ಈ ಮಾಸ್ಕ್ ಧೂಳು, ಹೊಗೆಯ ಮಸಿ ತಡೆಯುತ್ತೆ, ಅನಿಲ ತಡೆಯಲ್ಲ. ಡೀಸೆಲ್ ವಾಸನೆ ಬಂದರೆ ಮಾಸ್ಕ್ ಕೆಟ್ಟಿದೆ ಅಂತಲ್ಲ. ವಾಸನೆ ಇಲ್ಲ ಅಂದ ಮಾತ್ರಕ್ಕೆ ಅನಿಲ ಇಲ್ಲ ಅಂತಲೂ ಅಲ್ಲ. ಅದಕ್ಕೇ ನಾನೀಗ ಸ್ಟಾರ್ಟ್‌ನಲ್ಲಿ ನಿಂತ ಟ್ರಕ್ ಹಿಂದೆ ನಿಲ್ಲಲ್ಲ, ಅಂಚು ಬಿಟ್ಟು ಗೋಡೆ ಕಡೆ ನಡೀತೀನಿ. ಆಸ್ತಮಾ, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಬಿಗಿ ಮಾಸ್ಕ್ ಹಾಕಿ. ತಲೆ ಸುತ್ತಿದರೆ ಯಾರೇ ಆಗಲಿ ಜನ, ಗಾಡಿ ಇಲ್ಲದ ಕಡೆ ಹೋಗಿ ತೆಗೆಯಿರಿ.

ಈಗ ನಾನು ಹಾಕೋದು ಆ ದುಬಾರಿಗಿಂತ ಕಡಿಮೆ ಬೆಲೆಯ ಎಫ್‌ಎಫ್‌ಪಿ2, ದಿನಾ ಶೇವ್ ಮಾಡಿ. ಕೆಮ್ಮು ಪೂರ್ತಿ ಹೋಗಿಲ್ಲ, ಕಡಿಮೆ ಆಗಿದೆ. ಮುಖದಲ್ಲಿ ಕರಿಗೆರೆ ಇಲ್ಲ. ನಾಳೆ ಸಂಜೆ ರೂಮಿಗೆ ಹೋದ ಮೇಲೆ ಮಾಸ್ಕ್ ತೆಗೆದು, ಮುಖ ತೊಳೆಯೋಕೆ ಮುಂಚೆ ನೀವೂ ಒಮ್ಮೆ ಕನ್ನಡಿ ನೋಡಿ. ಗೆರೆ ಎಲ್ಲಿದೆಯೋ ಧೂಳಿನ ದಾರಿ ಅಲ್ಲೇ.