ಕೊಡುವ ಮೊದಲೇ ಒಂದು ಲೆಕ್ಕ

ಹಾವೇರಿಯ ಒಬ್ಬ ಶಿಕ್ಷಕಿ ಇದ್ದಾರೆ ಎಂದುಕೊಳ್ಳೋಣ. ಚಿಕ್ಕಪ್ಪನ ಮಗ ಬೆಳಿಗ್ಗೆಯೇ ಫೋನ್ ಮಾಡುತ್ತಾನೆ. "ಅಕ್ಕಾ, ಬೋರ್‌ವೆಲ್ ಮೋಟಾರ್ ಸುಟ್ಟೋಗಿದೆ. ಅರವತ್ತು ಸಾವಿರ ಬೇಕಿತ್ತು."

ಆಕೆಯ ಸಂಬಳ 35,000 ರೂಪಾಯಿ. ಮನೆ ಖರ್ಚು ಕಳೆದು ತಿಂಗಳಿಗೆ ಉಳಿಯುವುದು 8,000. ಆಸ್ಪತ್ರೆಗೆಂದು ತೆಗೆದಿಟ್ಟ ಹಣ ಬೇರೆ, ಅದನ್ನು ಮುಟ್ಟುವಂತಿಲ್ಲ. ಆಕೆ ತನ್ನನ್ನೇ ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಎಷ್ಟು ಹಣ ಮರಳಿ ಬರದಿದ್ದರೂ ಈ ತಮ್ಮನ ಜತೆ ನಗುತ್ತಾ ಊಟಕ್ಕೆ ಕೂರಬಹುದು? ಎರಡು ತಿಂಗಳ ಉಳಿತಾಯ ಹೋದರೆ ತಡೆದುಕೊಳ್ಳಬಹುದು. ಹಾಗಾಗಿ ಮಿತಿ 15,000.

"ನನ್ನ ಕೈಲಿ ಇಷ್ಟೇ ಆಗೋದಪ್ಪಾ" ಎಂದು ಅಂದೇ ಹೇಳಿಬಿಡುತ್ತಾರೆ. "ನೋಡೋಣ" ಎಂದಿದ್ದರೆ ಆತ ಅದನ್ನೇ ನಂಬಿ ಕಾಯುತ್ತಿದ್ದ. ಮನಸ್ಸಿನಲ್ಲಿ ಅದು ಉಡುಗೊರೆ, ಮಾತಿನಲ್ಲಿ ಸಾಲವೇ. ಮರಳಿಸುವ ಅವನ ಮರ್ಯಾದೆಯೂ ಉಳಿಯಬೇಕಲ್ಲ!

ಹಣ ಬ್ಯಾಂಕ್ ಖಾತೆಯ ಮೂಲಕವೇ ಹೋಗುತ್ತದೆ. ಮುಂದೆ ಮರೆವಿಗೂ ಮಾತಿಗೂ ಅವಕಾಶವಿರುವುದಿಲ್ಲ. ಇಪ್ಪತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ನಿರ್ಬಂಧವೂ ಇದೆ. ಅದು ಗೆಳೆಯರಿಗೂ ಅನ್ವಯಿಸುತ್ತದೆ.

ಕೊಟ್ಟದ್ದನ್ನು ಕೋರ್ಟಿನಲ್ಲಿ ಕೇಳಲು ಸಾಮಾನ್ಯವಾಗಿ ಮೂರು ವರ್ಷಗಳ ಗಡುವಿದೆ. ಹದಿನೈದು ಸಾವಿರಕ್ಕಾಗಿ ತಮ್ಮನ ಮೇಲೆ ದಾವೆ ಹೂಡುವವರು ವಿರಳ.

ವರ್ಷದೊಳಗೆ ಅವನು ಮತ್ತೆ ಕೇಳಿದರೆ? ಮೊದಲಿನದು ಬಂದಿಲ್ಲವಾದರೆ ಆಕೆ ಹಣ ಕೊಡುವುದಿಲ್ಲ. ಕೃಷಿ ಸಹಕಾರ ಸಂಘದ ಸಾಲಕ್ಕೆ ಬೇಕಾದ ಕಾಗದಪತ್ರ ಹೊಂದಿಸಲು ಒಂದು ಭಾನುವಾರ ಅವನ ಜತೆ ಕೂರುತ್ತಾರೆ.