ಪಾವಗಡದ ಬಿಸಿಲಿನಲ್ಲಿ ಶಬ್ದದ ವೇಗ

ಶಬ್ದದ ವೇಗ ಎಷ್ಟು ಎಂದು ಕೇಳಿದರೆ ಹೈಸ್ಕೂಲು ಮುಗಿಸಿದವರು ಸೆಕೆಂಡಿಗೆ 343 ಮೀಟರ್ ಎಂದೋ 340 ಎಂದೋ ಥಟ್ಟನೆ ಹೇಳಿಬಿಡುತ್ತಾರೆ. ಆದರೆ 343 ಎಂಬುದು ಗಾಳಿಯ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಇದ್ದಾಗಿನ ಲೆಕ್ಕ. ಪಾವಗಡದಲ್ಲಿ ಏಪ್ರಿಲ್ ಮಧ್ಯಾಹ್ನ ನೆರಳಿನಲ್ಲೇ 38 ಡಿಗ್ರಿ ಕಾಯುತ್ತಿರುವಾಗ ಶಬ್ದ ಸೆಕೆಂಡಿಗೆ ಹತ್ತಿರಹತ್ತಿರ 354 ಮೀಟರ್ ಸಾಗುತ್ತದೆ. ಅದೇ ಊರಲ್ಲಿ ಚಳಿಗಾಲದ ಬೆಳಗ್ಗೆ 16 ಡಿಗ್ರಿ ಇದ್ದರೆ 341ಕ್ಕೆ ಇಳಿಯುತ್ತದೆ. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ, ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ, ಬೇಸಿಗೆಯಲ್ಲಿ ಶಬ್ದದ ವೇಗ ಅಳೆಯುವ ಪ್ರಯೋಗ ಮಾಡಿದ ವಿದ್ಯಾರ್ಥಿಗೆ ಸರಿಯಾಗಿ 343 ಬಂದರೆ, ಬೆನ್ನು ತಟ್ಟುವ ಮೊದಲು ಸ್ವಲ್ಪ ಅನುಮಾನ ಪಡಬೇಕು. ಈ ಅನುಮಾನ ಯಾಕೆ, ಅದನ್ನು ಬಗೆಹರಿಸಿಕೊಳ್ಳುವುದು ಹೇಗೆ ಎಂಬುದೇ ಇವತ್ತಿನ ಮಾತು.

ದೂರವನ್ನು ಕಾಲದಿಂದ ಭಾಗಿಸಿದರೆ ವೇಗ ಸಿಗುತ್ತದೆ, ಅದರಲ್ಲಿ ಗುಟ್ಟೇನಿಲ್ಲ. ಕಷ್ಟವಿರುವುದು ಕಾಲವನ್ನು ಅಳೆಯುವುದರಲ್ಲಿ. ನಮ್ಮ ದಕ್ಷಿಣದಲ್ಲೇ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದವರು ಮದ್ರಾಸ್ ವೀಕ್ಷಣಾಲಯದ ಖಗೋಳಜ್ಞ ಜಾನ್ ಗೋಲ್ಡಿಂಗ್‌ಹ್ಯಾಮ್. 1820 ಮತ್ತು 1821ರಲ್ಲಿ ಸೇಂಟ್ ಜಾರ್ಜ್ ಕೋಟೆಯಲ್ಲೂ ಸೇಂಟ್ ಥಾಮಸ್ ಬೆಟ್ಟದಲ್ಲೂ ತೋಪು ಹಾರಿಸಿದಾಗ, ಬೆಂಕಿಯ ಮಿಂಚು ಕಂಡ ಕ್ಷಣದಿಂದ ಸದ್ದು ಕಿವಿಗೆ ಬೀಳುವವರೆಗೆ ಎಷ್ಟು ಹೊತ್ತಾಯಿತೆಂದು ವೀಕ್ಷಣಾಲಯದಲ್ಲಿ ಗಡಿಯಾರ ಹಿಡಿದು ಎಣಿಸಿದರು. ಜೊತೆಗೆ ಉಷ್ಣಮಾಪಕದ ಅಂಕಿಯನ್ನೂ ಗಾಳಿಯ ದಿಕ್ಕನ್ನೂ ಬರೆದಿಟ್ಟರು. ಥಾಮಸ್ ಬೆಟ್ಟದ ತೋಪು ಸುಮಾರು 9 ಕಿಲೋಮೀಟರ್ ಆಚೆ ಇತ್ತು. ಅಲ್ಲಿಂದ ಸದ್ದು ಬರಲು 26 ಸೆಕೆಂಡಿನಷ್ಟು ಬೇಕು. ಕಂಡದ್ದನ್ನು ಕೈಗೆ ತಿಳಿಸಲು ಮನುಷ್ಯನಿಗೆ ಸೆಕೆಂಡಿನ ಐದನೇ ಒಂದು ಭಾಗ ತಡವಾಗುತ್ತದೆ ಎಂದಿಟ್ಟುಕೊಂಡರೂ, 26 ಸೆಕೆಂಡಿನಲ್ಲಿ ಅದು ಶೇಕಡಾ ಒಂದಕ್ಕೂ ಕಡಿಮೆ. ಬೇಸಿಗೆಯ ತಿಂಗಳುಗಳಲ್ಲಿ ಸದ್ದು ಬೇಗ ಬರುತ್ತದೆ, ಚಳಿಯಲ್ಲಿ ನಿಧಾನವಾಗುತ್ತದೆ ಎಂಬುದು ಅವರ ಪಟ್ಟಿಯಲ್ಲಿ ಕಂಡದ್ದು ಇದೇ ಕಾರಣಕ್ಕೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ನಮಗೆ ಸಿಗುವುದು ಹೆಚ್ಚೆಂದರೆ ಎರಡು ಮೂರು ಮೀಟರ್. 2 ಮೀಟರ್ ದಾಟಲು ಶಬ್ದಕ್ಕೆ ಬೇಕಾಗುವುದು 6 ಮಿಲಿಸೆಕೆಂಡಿಗೂ ಕಡಿಮೆ. ಕಣ್ಣು, ಕೈ, ಸ್ಟಾಪ್‌ವಾಚ್ ಯಾವುದೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಎರಡು ಮೈಕುಗಳು ಬೇಕಾಗುವುದು ಇಲ್ಲೇ. ಒಂದೇ ಮೈಕ್ ಇದ್ದರೆ ಸದ್ದು ಹುಟ್ಟಿದ ಕ್ಷಣ ಯಾವುದೆಂದು ಬೇರೆ ಯಾವುದೋ ದಾರಿಯಿಂದ ತಿಳಿಯಬೇಕು, ಆ ದಾರಿಯ ತಡ ಎಷ್ಟೆಂದೂ ತಿಳಿಯಬೇಕು. ಎರಡು ಮೈಕ್ ಇಟ್ಟರೆ ಹುಟ್ಟಿದ ಕ್ಷಣದ ಗೊಡವೆಯೇ ಇಲ್ಲ. ಸದ್ದು ಮೊದಲನೆಯದನ್ನು ದಾಟಿದ ಗಳಿಗೆಗೂ ಎರಡನೆಯದನ್ನು ಮುಟ್ಟಿದ ಗಳಿಗೆಗೂ ನಡುವಿನ ಅಂತರವಷ್ಟೇ ಸಾಕು. ಮೈಕು, ತಂತಿ, ಆಂಪ್ಲಿಫೈಯರುಗಳಲ್ಲಿ ಏನೇ ತಡವಿದ್ದರೂ ಎರಡೂ ಒಂದೇ ಬಗೆಯವಾದ್ದರಿಂದ ಅದು ಕಳೆದುಹೋಗುತ್ತದೆ. ಈ ಪ್ರಯೋಗದ ಬಲವೆಲ್ಲ ಆ ಕಳೆಯುವ ಲೆಕ್ಕದಲ್ಲಿದೆ. ಆದ್ದರಿಂದ ಯಾವುದು ಕಳೆದುಹೋಗುತ್ತದೆ, ಯಾವುದು ಉಳಿದುಕೊಳ್ಳುತ್ತದೆ ಎಂಬುದರ ಮೇಲೇ ಕಣ್ಣಿಡಬೇಕು.

ಜೋಡಣೆ ಹೀಗಿರಲಿ. ಒಂದೇ ಬಗೆಯ ಎರಡು ಚಿಕ್ಕ ಎಲೆಕ್ಟ್ರೆಟ್ ಮೈಕುಗಳನ್ನು ನೆಲದಿಂದ ಒಂದು ಮೀಟರ್ ಎತ್ತರದಲ್ಲಿ, 2 ಮೀಟರ್ ಅಂತರದಲ್ಲಿ ನಿಲ್ಲಿಸಿ. ಒಂದನ್ನು ಆಸಿಲೋಸ್ಕೋಪಿನ ಮೊದಲ ಚಾನಲ್‌ಗೆ, ಇನ್ನೊಂದನ್ನು ಎರಡನೆಯದಕ್ಕೆ ಕೊಡಿ. ಮೊದಲ ಮೈಕಿಗೆ ಅರ್ಧ ಮೀಟರ್ ಹಿಂದೆ, ಎರಡೂ ಮೈಕುಗಳ ನೇರಕ್ಕೆ ನಿಂತು ಎರಡು ಮರದ ತುಂಡುಗಳನ್ನು ಟಪ್ ಎಂದು ಬಡಿಯಿರಿ. ಪರದೆಯ ಒಂದು ಚೌಕಕ್ಕೆ 1 ಮಿಲಿಸೆಕೆಂಡ್ ಇರಲಿ. ಮೊದಲ ಚಾನಲ್ ಏರಿದೊಡನೆ ಒಂದೇ ಸಲ ಚಿತ್ರ ಹಿಡಿದು ನಿಲ್ಲುವಂತೆ ಟ್ರಿಗರನ್ನು ಹೊಂದಿಸಿ. ಗಾಳಿ 28 ಡಿಗ್ರಿ ಇದ್ದರೆ, ಮೇಲಿನ ಗೆರೆ ಏರಿದ ಮೇಲೆ ಐದೂಮುಕ್ಕಾಲು ಚೌಕ ಬಲಕ್ಕೆ ಕೆಳಗಿನ ಗೆರೆ ಏರಬೇಕು. ಕರಾರುವಾಕ್ಕಾಗಿ ಹೇಳುವುದಾದರೆ 5.75 ಮಿಲಿಸೆಕೆಂಡ್, ವೇಗ 348.

ಈಗ ತಪ್ಪು ಎಲ್ಲಿ ನುಸುಳುತ್ತದೆ ನೋಡೋಣ. ಪರದೆಯ ಮೇಲಿನ ಗೆರೆ ಗೋಡೆಯಂತೆ ನೆಟ್ಟಗೆ ಏರುವುದಿಲ್ಲ, ಓರೆಯಾಗಿ ಏರುತ್ತದೆ. ಬುಡದಿಂದ ತುದಿಗೆ ಹೋಗಲು 0.2 ಮಿಲಿಸೆಕೆಂಡ್ ಹಿಡಿಯುತ್ತದೆ ಎನ್ನೋಣ. ಸದ್ದಿನ ಮೂಲ ಮೊದಲ ಮೈಕಿಗೆ ಅರ್ಧ ಮೀಟರ್ ದೂರ, ಎರಡನೆಯದಕ್ಕೆ ಎರಡೂವರೆ ಮೀಟರ್. ಹಾಗಾಗಿ ಎರಡನೆಯ ಗೆರೆಯ ಎತ್ತರ ಮೊದಲನೆಯದರ ಐದನೇ ಒಂದು ಭಾಗ ಮಾತ್ರ. ಎರಡೂ ಚಾನಲ್‌ಗಳಲ್ಲಿ ಒಂದೇ ವೋಲ್ಟೇಜಿಗೆ ಗೆರೆ ತಲುಪಿದ ಗಳಿಗೆಯನ್ನು ಓದುತ್ತೇವೆ. ಆ ಮಟ್ಟ ಚಿಕ್ಕ ಗೆರೆಯ ಅರ್ಧ ಎತ್ತರ ಎಂದುಕೊಳ್ಳಿ. ದೊಡ್ಡ ಗೆರೆ ಆ ಮಟ್ಟವನ್ನು ಹೊರಟ 0.02 ಮಿಲಿಸೆಕೆಂಡಿನಲ್ಲೇ ಮುಟ್ಟುತ್ತದೆ, ಚಿಕ್ಕದು 0.1 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ನಡುವಿನ 0.08 ಕಳೆದುಹೋಗದೆ ನಮ್ಮ ಅಳತೆಗೆ ಅಂಟಿಕೊಳ್ಳುತ್ತದೆ. 5.75 ಇದ್ದದ್ದು 5.83 ಆಯಿತು. 2 ಮೀಟರನ್ನು ಅದರಿಂದ ಭಾಗಿಸಿದರೆ ಬರುವುದು ಸೆಕೆಂಡಿಗೆ 343 ಮೀಟರ್! ತಪ್ಪು ಅಳತೆ ಪುಸ್ತಕದ ಅಂಕಿಯ ಮೇಲೇ ಬಂದು ಕೂತಿತು. ದಾಖಲೆ ಪುಸ್ತಕಕ್ಕೆ ಸಹಿ ಬೀಳುತ್ತದೆ, ಎಲ್ಲರೂ ಸಮಾಧಾನದಿಂದ ಮನೆಗೆ ಹೋಗುತ್ತಾರೆ.

ಶೇಕಡಾ ಒಂದೂವರೆಯಷ್ಟು ವ್ಯತ್ಯಾಸಕ್ಕೆ ಇಷ್ಟು ಗಲಾಟೆ ಯಾಕೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಅಸಂಗತವಲ್ಲ. ಆದರೆ 20 ಡಿಗ್ರಿಯ ವೇಗಕ್ಕೂ 28 ಡಿಗ್ರಿಯ ವೇಗಕ್ಕೂ ಇರುವ ವ್ಯತ್ಯಾಸವೂ ಅಷ್ಟೇ. ಆ ತಪ್ಪನ್ನು ಹಾಗೇ ಬಿಟ್ಟರೆ ಬಿಸಿಲಿಗೂ ಶಬ್ದಕ್ಕೂ ಇರುವ ನಂಟು ಕಾಣುವುದೇ ಇಲ್ಲ, ಇದ್ದೂ ಇಲ್ಲದಂತಾಗುತ್ತದೆ. ಅಂಕಿಗೆ ಅಂಕಿ ಹೊಂದಿಸುವ ಚಪಲ ದೊಡ್ಡವರನ್ನೂ ಬಿಟ್ಟಿಲ್ಲ. ನ್ಯೂಟನ್ ತಮ್ಮ ಸಿದ್ಧಾಂತದಿಂದ ಬಂದ ವೇಗ ಅಳತೆಗಿಂತ ಕಡಿಮೆ ಎಂದು ಕಂಡಾಗ, ತಮ್ಮ ಗ್ರಂಥದ 1713ರ ಆವೃತ್ತಿಯಲ್ಲಿ ಗಾಳಿಯ ಕಣಗಳ ದಪ್ಪ, ನೀರಾವಿ ಎಂದೆಲ್ಲ ಸೇರಿಸಿ ಲೆಕ್ಕವನ್ನು ಅಳತೆಗೆ ಕೂಡಿಸಿಬಿಟ್ಟರು. ಸದ್ದಿನ ಅಲೆ ಹಾಯುವಾಗ ಒತ್ತಿದ ಗಾಳಿ ಬಿಸಿಯಾಗುತ್ತದೆ ಎಂಬ ನಿಜವಾದ ಕಾರಣವನ್ನಿಟ್ಟು ಲಾಪ್ಲಾಸ್ ಅದನ್ನು ಸರಿಪಡಿಸಲು 1816 ಬರಬೇಕಾಯಿತು.

ನಮ್ಮ ತಪ್ಪನ್ನು ಹಿಡಿಯುವುದು ಸುಲಭ. ಓದುವ ವೋಲ್ಟೇಜ್ ಮಟ್ಟವನ್ನು ಸ್ವಲ್ಪ ಮೇಲೆ ಕೆಳಗೆ ಮಾಡಿ ನೋಡಿ. ಉತ್ತರವೂ ಅದರ ಜೊತೆ ಜಾರಿದರೆ ಅಳೆಯುತ್ತಿರುವುದು ಶಬ್ದವನ್ನಲ್ಲ, ಗೆರೆಯ ಓರೆಯನ್ನು. ಮದ್ದು ಇಷ್ಟೇ: ಎರಡನೆಯ ಚಾನಲ್ಲಿನ ವರ್ಧನೆಯನ್ನು ಏರಿಸಿ ಎರಡೂ ಗೆರೆಗಳನ್ನು ಪರದೆಯಲ್ಲಿ ಒಂದೇ ಎತ್ತರಕ್ಕೆ ತನ್ನಿ, ಆಮೇಲೆ ಎರಡರಲ್ಲೂ ಬುಡದ ಅದೇ ಜಾಗವನ್ನು ಓದಿ. ತುದಿಯನ್ನು ಓದಬೇಡಿ, ಅಷ್ಟರಲ್ಲಿ ಪ್ರತಿಧ್ವನಿಗಳು ಸೇರಿ ಅದರ ಆಕಾರ ಕೆಟ್ಟಿರಬಹುದು. ಇನ್ನು ಮೈಕಿನ ಒಳಪೊರೆ ಎಲ್ಲಿದೆ ಎಂದು ಹೊರಗಿನಿಂದ ತಿಳಿಯದೆ ಟೇಪಿನ ಅಳತೆಯಲ್ಲಿ ಐದು ಮಿಲಿಮೀಟರ್ ಹೆಚ್ಚುಕಮ್ಮಿ ಆದರೆ? ಎರಡನೆಯ ಮೈಕನ್ನು ಮೊದಲು 1 ಮೀಟರಿನಲ್ಲಿ, ಆಮೇಲೆ 3 ಮೀಟರಿನಲ್ಲಿ ಇಟ್ಟು, ಎರಡು ಕಾಲಗಳ ವ್ಯತ್ಯಾಸವನ್ನು ತೆಗೆದುಕೊಳ್ಳಿ. ಆ ಐದು ಮಿಲಿಮೀಟರ್ ಎರಡರಲ್ಲೂ ಇರುವುದರಿಂದ ತಾನಾಗಿ ಬಿದ್ದುಹೋಗುತ್ತದೆ.

ಮಧುಗಿರಿಯಲ್ಲಿ ಇನ್ನೊಂದು ತೊಡಕು ಕಾದಿದೆ. ಊರ ಹಿಂದಿನ ಏಕಶಿಲಾ ಬೆಟ್ಟದ ಬಂಡೆಯ ಮೇಲೆ ಸ್ಟ್ಯಾಂಡ್ ಊರಿ, ಬಂಡೆಗೇ ಸುತ್ತಿಗೆಯಿಂದ ಹೊಡೆದು ಸದ್ದು ಮಾಡಿದರೆ ಪರದೆಯಲ್ಲಿ ವಿಚಿತ್ರ ಕಾಣುತ್ತದೆ. ಗ್ರಾನೈಟ್ ಬಂಡೆಯಲ್ಲಿ ಕಂಪನ ಸೆಕೆಂಡಿಗೆ 5,000 ಮೀಟರ್ ಆಸುಪಾಸಿನಲ್ಲಿ ಓಡುತ್ತದೆ. 2 ಮೀಟರ್ ದಾಟಲು ಅದಕ್ಕೆ 0.4 ಮಿಲಿಸೆಕೆಂಡ್ ಸಾಕು. ಸ್ಟ್ಯಾಂಡಿನ ಕಾಲಿನಿಂದ ಮೈಕಿಗೆ ಹತ್ತಿ, ಗಾಳಿಯ ಸದ್ದು ಬರುವ ಎಷ್ಟೋ ಮೊದಲೇ ಅಲ್ಲೊಂದು ಸಣ್ಣ ನಡುಕ ಕಾಣುತ್ತದೆ. ಅದನ್ನೇ ಓದಿದವರಿಗೆ ಉತ್ತರ ಹತ್ತು ಹದಿನೈದು ಪಟ್ಟು ಹೆಚ್ಚು ಬಂದೀತು. ಕಾಲೇಜಿನ ಮೇಜಿನ ಮೇಲೂ ಇದೇ ಕಥೆ. ಮೈಕಿನ ಕೆಳಗೆ ದಪ್ಪ ಸ್ಪಂಜು ಇಡಿ, ತುಂಡುಗಳನ್ನು ಕೈಯಲ್ಲಿ ಹಿಡಿದು ಗಾಳಿಯಲ್ಲೇ ಬಡಿಯಿರಿ. ಬೆಟ್ಟದ ತುದಿಯಲ್ಲಿ ಗಾಳಿ ತೆಳುವಾಗಿರುವುದರಿಂದ ಶಬ್ದ ನಿಧಾನವಾಗುತ್ತದೆ ಎಂಬ ವಾದವನ್ನೂ ಕೆಲವರು ಎತ್ತುತ್ತಾರೆ. ಅದು ನಿಲ್ಲುವುದಿಲ್ಲ. ಮೇಲೆ ಹೋದಂತೆ ಒತ್ತಡವೂ ಸಾಂದ್ರತೆಯೂ ಒಟ್ಟಿಗೆ ಕಡಿಮೆಯಾಗುತ್ತವೆ. ಶಬ್ದದ ವೇಗ ಅವೆರಡರ ಅನುಪಾತವನ್ನು ನೆಚ್ಚಿಕೊಂಡಿರುವುದರಿಂದ ಒಂದು ಇನ್ನೊಂದನ್ನು ಹೊಡೆದುಹಾಕುತ್ತದೆ. ತುದಿಯಲ್ಲಿ ತಂಪಾಗಿದ್ದರೆ ಆ ತಂಪಿನ ಮಟ್ಟಿಗೆ ಮಾತ್ರ ವೇಗ ಇಳಿಯುತ್ತದೆ.

ಬೀಸುವ ಗಾಳಿಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಬಯಲಿನಲ್ಲಿ ಸೆಕೆಂಡಿಗೆ 3 ಮೀಟರ್ ಗಾಳಿ ಮೈಕುಗಳ ನೇರಕ್ಕೆ ಬೀಸಿದರೆ ಉತ್ತರವೂ 3 ಮೀಟರ್ ಏರುತ್ತದೆ, ಇಲ್ಲವೇ ಇಳಿಯುತ್ತದೆ. ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ ಬಡಿದು ಎರಡೂ ವೇಗಗಳ ಸರಾಸರಿ ತೆಗೆಯಿರಿ, ಅಥವಾ ಬಾಗಿಲು ಹಾಕಿ ಫ್ಯಾನ್ ನಿಲ್ಲಿಸಿ. ತೇವಾಂಶದ ಪಾಲು ಚಿಕ್ಕದು: 28 ಡಿಗ್ರಿಯಲ್ಲಿ ಅರ್ಧದಷ್ಟು ತೇವವಿದ್ದರೆ ಒಣ ಗಾಳಿಗಿಂತ ಸುಮಾರು 1 ಮೀಟರ್ ಹೆಚ್ಚು, ಅಷ್ಟೇ.

ಆಸಿಲೋಸ್ಕೋಪ್ ಎಲ್ಲಿಂದ ತರುವುದು ಎನ್ನುವವರಿಗೆ, ಎರಡು ಚಾನಲ್ ಧ್ವನಿ ತೆಗೆದುಕೊಳ್ಳುವ ಕಂಪ್ಯೂಟರೂ ನಡೆಯುತ್ತದೆ. ಸೆಕೆಂಡಿಗೆ 44,100 ಸಲ ಮಾದರಿ ತೆಗೆಯುವ ಸಾಮಾನ್ಯ ರೆಕಾರ್ಡಿಂಗಿನಲ್ಲಿ 2 ಮೀಟರಿನ ಅಂತರ 253 ಮಾದರಿಗಳಷ್ಟು ಅಗಲವಾಗಿ ಕಾಣುತ್ತದೆ. ಒಂದು ಮಾದರಿ ತಪ್ಪಿದರೂ ಅರ್ಧ ಶೇಕಡಾ ದಾಟುವುದಿಲ್ಲ. ಲ್ಯಾಪ್‌ಟಾಪಿನ ಮೈಕ್ ಕಿಂಡಿ ಹಲವು ಸಲ ಒಂದೇ ಚಾನಲ್ಲಿನದು, ಅದನ್ನು ಮೊದಲೇ ನೋಡಿಕೊಳ್ಳಬೇಕು. ಎರಡು ಮೊಬೈಲುಗಳಲ್ಲಿ ಬೇರೆಬೇರೆಯಾಗಿ ರೆಕಾರ್ಡ್ ಮಾಡಿ ಕೊನೆಗೆ ಹೊಂದಿಸುತ್ತೇನೆ ಎನ್ನುವುದು ಬೇಡ. ಎರಡರ ಗಡಿಯಾರಗಳು ಒಂದೇ ಆಗಿರುವುದಿಲ್ಲ, ಹಾಗಾಗಿ ಕಳೆಯುವ ಲೆಕ್ಕ ಅಲ್ಲಿ ಮುರಿದುಬೀಳುತ್ತದೆ.

ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ದಾಖಲೆ ಪುಸ್ತಕದಲ್ಲಿ ವೇಗದ ಪಕ್ಕಕ್ಕೆ ಆ ಗಳಿಗೆಯ ಉಷ್ಣತೆಯನ್ನು ಬರೆಸಿ. ಸೊನ್ನೆ ಡಿಗ್ರಿಯ 331ಕ್ಕೆ ಪ್ರತಿ ಡಿಗ್ರಿಗೂ 0.6ರಂತೆ ಕೂಡಿಸಿದ ಅಂಕಿಯ ಜೊತೆ ಅದನ್ನು ಹೋಲಿಸಿ, ಆಮೇಲೆ ಸಹಿ ಹಾಕಿ.